ಮೊದಲ ಶಿಕ್ಷೆ ಕೊಟ್ಟವರು ಯಾರು?

ಕಾನೂನು ವಿದ್ಯಾರ್ಥಿಗಳಿಗೆ ಸಂವಿಧಾನ ಪತ್ರಿಕೆಯಲ್ಲಿ ಆಗಾಗ ಬೇರೆಬೇರೆ ವೇಷದಲ್ಲಿ ಎದುರಾಗುವ ಪ್ರಶ್ನೆಯೊಂದಿದೆ. ನಮ್ಮ ಕಡೆಯ ಸೊಸೈಟಿಗೆ ಹೊಂದಿಸಿ ಹೇಳುವುದಾದರೆ ಅದು ಹೀಗಿರುತ್ತದೆ. ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಯೊಬ್ಬ ಸದಸ್ಯರ ಉಳಿತಾಯ ಖಾತೆಗಳಿಂದ ಖೊಟ್ಟಿ ಸಹಿ ಹಾಕಿ ಹಣ ತೆಗೆದಿದ್ದಾನೆ ಎಂದು ಆಡಿಟ್‌ನಲ್ಲಿ ಗೊತ್ತಾಗುತ್ತದೆ. ಆಡಳಿತ ಮಂಡಳಿ ವಿಚಾರಣೆ ನಡೆಸಿ ಅವನನ್ನು ಕೆಲಸದಿಂದ ವಜಾ ಮಾಡುತ್ತದೆ, ಹಣವನ್ನೂ ಕಟ್ಟಿಸಿಕೊಳ್ಳುತ್ತದೆ. ಅಷ್ಟಕ್ಕೇ ಮುಗಿಯದೆ ಪೊಲೀಸರಿಗೂ ದೂರು ಹೋಗುತ್ತದೆ. ಪೊಲೀಸರು ಅವನ ಕೈಬರಹದ ಮಾದರಿ ತೆಗೆದುಕೊಳ್ಳುತ್ತಾರೆ, ಅವನ ಮಾತಿನ ಜಾಡು ಹಿಡಿದು ಕೊಟ್ಟಿಗೆಯ ಅಟ್ಟದಿಂದ ನಕಲಿ ಸೀಲನ್ನು ಹೊರತೆಗೆಯುತ್ತಾರೆ, ಮೊಬೈಲಿನ ಪಾಸ್‌ವರ್ಡ್ ಹೇಳು ಎನ್ನುತ್ತಾರೆ, ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುವ ಮಾತಾಡುತ್ತಾರೆ. ಕಾರ್ಯದರ್ಶಿಯ ವಕೀಲರು ಸಂವಿಧಾನದ 20ನೇ ವಿಧಿ ಹಿಡಿದು ಎರಡು ಆಕ್ಷೇಪ ಎತ್ತುತ್ತಾರೆ: ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಸಲ್ಲದು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಕೂಡದು. ಈ ಆಕ್ಷೇಪಗಳು ನಿಲ್ಲುತ್ತವೆಯೆ?

ಉತ್ತರಪತ್ರಿಕೆಗಳಲ್ಲಿ ಹೆಚ್ಚಿನವರು ಎರಡಕ್ಕೂ ಹೌದು ಎಂದೇ ಬರೆಯುತ್ತಾರೆ. ಕೆಲಸ ಹೋಯಿತು, ದುಡ್ಡೂ ಹೋಯಿತು, ಈಗ ಜೈಲೂ ಬೇಕೆ ಎಂಬ ಕನಿಕರ ಸಹಜವೇ. ಆದರೆ 20ನೇ ವಿಧಿ ಕನಿಕರಕ್ಕಿಂತ ಬಹಳ ಬಿಗಿಯಾಗಿ ಬರೆದದ್ದು. ಅದರ ಎರಡನೇ ಉಪವಿಧಿ ಹೇಳುವುದಿಷ್ಟೆ: ಒಂದೇ ಅಪರಾಧಕ್ಕಾಗಿ ಯಾವ ವ್ಯಕ್ತಿಯನ್ನೂ ಒಂದಕ್ಕಿಂತ ಹೆಚ್ಚು ಸಲ ಮೊಕದ್ದಮೆಗೆ ಗುರಿಪಡಿಸಿ ದಂಡಿಸತಕ್ಕದ್ದಲ್ಲ. ಮೊಕದ್ದಮೆ ನಡೆದಿರಬೇಕು, ಶಿಕ್ಷೆಯೂ ಆಗಿರಬೇಕು. ಇವೆರಡೂ ಸೇರಿದರೆ ಮಾತ್ರ ಬಾಗಿಲು ಮುಚ್ಚುತ್ತದೆ.

ಮೊಕದ್ದಮೆ ಎಂಬ ಮಾತು ಆ ವಾಕ್ಯದಲ್ಲಿ ಮೊದಲಿನಿಂದ ಇರಲಿಲ್ಲ. ಸಂವಿಧಾನದ ಕರಡಿನಲ್ಲಿ ಇದ್ದದ್ದು ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆಯಿಲ್ಲ ಎಂದಷ್ಟೆ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ ಸರಕಾರಿ ನೌಕರರ ಪ್ರಶ್ನೆ ಎದ್ದಿತು. ಲಂಚ ತಿಂದ ಅಧಿಕಾರಿಗೆ ಇಲಾಖೆ ಶಿಕ್ಷೆ ಕೊಟ್ಟರೆ, ಆಮೇಲೆ ಅವನನ್ನು ಕೋರ್ಟಿಗೆ ಎಳೆಯಲು ಆಗದೆ ಹೋಗಬಹುದಲ್ಲ ಎಂಬ ಆತಂಕ. ಅದನ್ನು ನೀಗಲೆಂದೇ ಮೊಕದ್ದಮೆಯ ಮಾತು ಸೇರಿತು. ಹಾಗಾಗಿ ನಮ್ಮ ಕಾರ್ಯದರ್ಶಿಯ ಮೊದಲ ಆಕ್ಷೇಪಕ್ಕೆ ಉತ್ತರ ಒಂದು ರೀತಿಯಲ್ಲಿ ಆ ತಿಂಗಳಲ್ಲೇ ಸಿಕ್ಕಿತ್ತು ಎನ್ನಬಹುದು.

ಈ ಮಾತು ಸುಪ್ರೀಂ ಕೋರ್ಟಿನಲ್ಲಿ ಪರೀಕ್ಷೆಗೆ ಬಂದದ್ದು ಚಿನ್ನದ ಮೂಲಕ. 1949ರ ನವೆಂಬರ್ 6ರಂದು ಮಕ್ಬೂಲ್ ಹುಸೇನ್ ಎಂಬವರು ಜೆದ್ದಾದಿಂದ ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಬಂದಿಳಿದರು. ತಮ್ಮ ಬಳಿ ಚಿನ್ನವಿದೆ ಎಂದು ಅವರು ತಿಳಿಸಲಿಲ್ಲ. ತಪಾಸಣೆಯಲ್ಲಿ 107.2 ತೊಲ ಸಿಕ್ಕಿತು. ಕಸ್ಟಮ್ಸ್ ಅಧಿಕಾರಿಗಳು ಸಮುದ್ರ ಸುಂಕ ಕಾಯ್ದೆಯಡಿ ಅದನ್ನು ಮುಟ್ಟುಗೋಲು ಹಾಕಿಕೊಂಡು, ಬೇಕಿದ್ದರೆ 12,000 ರೂಪಾಯಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು ಎಂದರು. ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಅದೇ ಚಿನ್ನಕ್ಕಾಗಿ ವಿದೇಶಿ ವಿನಿಮಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಕ್ರಿಮಿನಲ್ ದೂರು ದಾಖಲಾಯಿತು. ಚಿನ್ನ ಹೋಗಿದೆ, ಈಗ ಜೈಲಿಗೂ ಕಳಿಸುತ್ತಾರೆ, ಇದು ಎರಡನೇ ಶಿಕ್ಷೆಯಲ್ಲವೆ ಎಂಬುದು ಅವರ ವಾದವಾಗಿತ್ತು.

1953ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಕೋರ್ಟ್ ನೋಡಿದ್ದು ಎಷ್ಟು ಚಿನ್ನ ಹೋಯಿತು ಎಂಬುದನ್ನಲ್ಲ, ಅದನ್ನು ತೆಗೆದುಕೊಂಡವರು ಯಾರು ಎಂಬುದನ್ನು. ಕಸ್ಟಮ್ಸ್ ಅಧಿಕಾರಿ ಸಾಕ್ಷಿಗಳಿಗೆ ಪ್ರಮಾಣವಚನ ಬೋಧಿಸಿ ಹೇಳಿಕೆ ಪಡೆಯಬೇಕಾಗಿಲ್ಲ, ಸಾಕ್ಷ್ಯ ಕಾಯ್ದೆಯ ಕಟ್ಟುಪಾಡಿಗೆ ಒಳಪಟ್ಟವನಲ್ಲ. ಅವನು ತನ್ನ ಇಲಾಖೆಯ ಸುಂಕ ಕಾಯುವವನು, ನ್ಯಾಯಾಧೀಶನಲ್ಲ. ಅವನ ಮುಂದೆ ನಡೆದದ್ದು ಮೊಕದ್ದಮೆಯಲ್ಲ, ಅವನು ಮಾಡಿದ ಮುಟ್ಟುಗೋಲು ಕೋರ್ಟಿನ ಶಿಕ್ಷೆಯಲ್ಲ. ಆದ್ದರಿಂದ ಮ್ಯಾಜಿಸ್ಟ್ರೇಟರ ಮುಂದೆ ನಡೆಯಲಿರುವುದೇ ಮೊದಲ ಮೊಕದ್ದಮೆ. ಮರುವರ್ಷ ಎಸ್.ಎ. ವೆಂಕಟರಾಮನ್ ಎಂಬ ಐಸಿಎಸ್ ಅಧಿಕಾರಿಯ ಪ್ರಕರಣದಲ್ಲಿ ಇಲಾಖಾ ವಿಚಾರಣೆಗೂ ಇದೇ ಅಳತೆ ಬಂತು. 1850ರ ಕಾಯ್ದೆಯಡಿ ಕಮಿಷನರ್ ಒಬ್ಬರು ವಿಧಿವತ್ತಾಗಿ, ಸಾಕ್ಷಿಗಳಿಗೆ ಪ್ರಮಾಣ ಮಾಡಿಸಿಯೇ ವಿಚಾರಣೆ ನಡೆಸಿದ್ದರು, ಅಧಿಕಾರಿ ನೌಕರಿಯಿಂದ ವಜಾ ಆಗಿದ್ದರು. ನೋಡುವುದಕ್ಕೆ ಅದು ಕೋರ್ಟಿನಂತೆಯೇ ಇತ್ತು. ಆದರೂ ಆ ವಿಚಾರಣೆಯ ಉದ್ದೇಶ ಈ ಮನುಷ್ಯನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಸರಕಾರಕ್ಕೆ ತಿಳಿಸುವುದಷ್ಟೆ ಎಂದಿತು ಕೋರ್ಟ್.

ನಮ್ಮ ಕಾರ್ಯದರ್ಶಿಯ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. ವಜಾ ಮಾಡಿದ್ದು ಆಡಳಿತ ಮಂಡಳಿ, ಹಣ ಕಟ್ಟಿಸಿಕೊಂಡದ್ದು ಸಂಘದ ನಷ್ಟ ತುಂಬಲು. ಎರಡರಲ್ಲಿ ಯಾವುದನ್ನೂ ಕ್ರಿಮಿನಲ್ ಕೋರ್ಟ್ ಕೊಟ್ಟದ್ದಲ್ಲ. ನಂಬಿಕೆ ದ್ರೋಹ ಮತ್ತು ಖೊಟ್ಟಿ ದಾಖಲೆಯ ಮೊಕದ್ದಮೆ ನಿರಾತಂಕವಾಗಿ ನಡೆಯಬಹುದು. ಇಂಥ ಪ್ರಶ್ನೆ ಕಂಡ ಕೂಡಲೆ ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಶಿಕ್ಷೆಗಳ ಸಂಖ್ಯೆಯನ್ನು ಲೆಕ್ಕ ಹಾಕಬೇಡಿ, ಮೊದಲ ಶಿಕ್ಷೆಯ ಆದೇಶಕ್ಕೆ ಸಹಿ ಹಾಕಿದವರ ಹುದ್ದೆ ಓದಿ.

ಈಗ ಕಥೆಯನ್ನು ಸ್ವಲ್ಪ ಮುಂದಕ್ಕೆ ತಳ್ಳೋಣ. ಮೊಕದ್ದಮೆ ನಡೆದು, ಸಾಕ್ಷ್ಯ ಸಾಲದೆಂದು ಮ್ಯಾಜಿಸ್ಟ್ರೇಟರು ಕಾರ್ಯದರ್ಶಿಯನ್ನು ಖುಲಾಸೆ ಮಾಡಿದರು ಎನ್ನಿ. ಯಾರೂ ಮೇಲ್ಮನವಿಗೆ ಹೋಗಲಿಲ್ಲ. ಆರು ತಿಂಗಳ ಮೇಲೆ ಅದೇ ವಿತ್‌ಡ್ರಾಯಲ್ ಚೀಟಿಯ ಮೇಲೆ, ಅದೇ ಸದಸ್ಯ, ಈ ಸಲ ವಂಚನೆ ಎಂದು ಹೆಸರಿಟ್ಟು ಖಾಸಗಿ ದೂರು ಕೊಡುತ್ತಾನೆ. ಇಲ್ಲಿ ಬುದ್ಧಿವಂತ ವಿದ್ಯಾರ್ಥಿಗಳೂ ಎಡವುತ್ತಾರೆ. ಕಾರ್ಯದರ್ಶಿಗೆ ರಕ್ಷಣೆ ಇದೆ, ಆದರೆ ಅದು 20ನೇ ವಿಧಿಯದಲ್ಲ. ಆ ವಿಧಿಗೆ ಹಿಂದೆ ಶಿಕ್ಷೆ ಆಗಿರಬೇಕು, ಖುಲಾಸೆ ಆದವನಿಗೆ ಶಿಕ್ಷೆ ಎಲ್ಲಿ ಆಯಿತು? ಅವನನ್ನು ಕಾಯುವುದು ಸಾಧಾರಣ ಕಾನೂನು. ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 300 ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಕ್ಷನ್ 337 ಆಗಿದೆ. ಅಧಿಕಾರವುಳ್ಳ ಕೋರ್ಟ್ ಒಬ್ಬನನ್ನು ವಿಚಾರಣೆ ಮಾಡಿ ಶಿಕ್ಷಿಸಿದ್ದರೂ ಸರಿ, ಖುಲಾಸೆ ಮಾಡಿದ್ದರೂ ಸರಿ, ಆ ತೀರ್ಪು ಊರ್ಜಿತದಲ್ಲಿ ಇರುವವರೆಗೆ ಅದೇ ಅಪರಾಧಕ್ಕೆ ಮರುವಿಚಾರಣೆಯಿಲ್ಲ ಎನ್ನುತ್ತದೆ ಅದು. ಅಷ್ಟೇ ಅಲ್ಲ, ಅವೇ ಸಂಗತಿಗಳ ಮೇಲೆ ಆಗಲೇ ಬದಲಿ ಆರೋಪವಾಗಿ ಹೊರಿಸಬಹುದಾಗಿದ್ದ ಇನ್ನೊಂದು ಅಪರಾಧಕ್ಕೂ ವಿಚಾರಣೆಯಿಲ್ಲ. ಹೆಸರು ಬದಲಿಸಿ ತಂದ ದೂರು ಇದರಿಂದಲೇ ಬೀಳುತ್ತದೆ.

ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯಲ್ಲಿ ಖುಲಾಸೆಗೂ ಸಂವಿಧಾನದ್ದೇ ರಕ್ಷಣೆಯಿದೆ. ಅಲ್ಲಿ ಖುಲಾಸೆಯ ವಿರುದ್ಧ ಸರಕಾರ ಮೇಲ್ಮನವಿ ಹೋಗುವಂತಿಲ್ಲ. ನಮ್ಮಲ್ಲಿ ಹೋಗಬಹುದು, ಮತ್ತು ಮೇಲ್ಮನವಿಯನ್ನು ಹೊಸ ಮೊಕದ್ದಮೆ ಎಂದು ಎಣಿಸುವುದಿಲ್ಲ, ಅದು ಹಳೆಯದರ ಮುಂದುವರಿಕೆ. ಹಾಲಿವುಡ್ ಸಿನಿಮಾ ನೋಡಿ ಉತ್ತರ ಬರೆಯುವವರು ಇಲ್ಲೇ ಅಂಕ ಕಳೆದುಕೊಳ್ಳುವುದು. 1999ರಲ್ಲಿ ‘ಡಬಲ್ ಜೆಪರ್ಡಿ’ ಎಂಬ ಚಿತ್ರವೇ ಬಂದಿತ್ತು. ಗಂಡನನ್ನು ಕೊಂದಳೆಂದು ಜೈಲಿಗೆ ಹೋದ ಹೆಂಗಸಿಗೆ ಅವನು ಬದುಕಿದ್ದಾನೆಂದು ತಿಳಿಯುತ್ತದೆ. ಈಗ ಅವನನ್ನು ನಿಜವಾಗಿ ಕೊಂದರೂ ಯಾರೂ ನಿನ್ನನ್ನು ಮುಟ್ಟುವಂತಿಲ್ಲ ಎಂದು ಜೊತೆಯ ಕೈದಿ ಹೇಳಿಕೊಡುತ್ತಾಳೆ. ಕಥೆಗೆ ಚೆಂದ, ಕಾನೂನಿಗೆ ಅಲ್ಲ. ಇನ್ನೊಂದು ದಿನ, ಇನ್ನೊಂದು ಊರಿನಲ್ಲಿ, ಇನ್ನೊಂದು ಕೃತ್ಯದಿಂದ ಮಾಡಿದ ಕೊಲೆ ಬೇರೆಯದೇ ಅಪರಾಧ, ಅಮೆರಿಕದಲ್ಲೂ ಹಾಗೆಯೇ.

ಅದೇ ಅಪರಾಧ ಎಂದರೆ ಯಾವುದು ಎಂಬುದೇ ನಿಜವಾದ ಕಗ್ಗಂಟು. ಕೃತ್ಯ ಒಂದೇ ಆಗಿದ್ದರೆ ಅಪರಾಧವೂ ಒಂದೇ ಎಂದು ನಮಗೆ ಅನ್ನಿಸುತ್ತದೆ. ಸುಪ್ರೀಂ ಕೋರ್ಟ್ ಹಾಗೆ ಹೇಳಿಲ್ಲ. ಎಸ್.ಎಲ್. ಆಪ್ಟೆ ಎಂಬವರ ಪ್ರಕರಣದಲ್ಲಿ ವಿಮಾ ಕಂಪನಿಯ ಹಣದ ದುರ್ಬಳಕೆಗಾಗಿ ದಂಡ ಸಂಹಿತೆಯ ನಂಬಿಕೆ ದ್ರೋಹ ಮತ್ತು ವಿಮಾ ಕಾಯ್ದೆಯ ಇನ್ನೊಂದು ಸೆಕ್ಷನ್ ಎರಡೂ ಬಿದ್ದಿದ್ದವು. ಪ್ರತಿಯೊಂದು ಅಪರಾಧವನ್ನು ಸಾಬೀತು ಮಾಡಲು ಯಾವ ಯಾವ ಅಂಶ ಬೇಕು ಎಂದು ಬಿಡಿಸಿ ಬರೆಯಿರಿ, ಎರಡು ಪಟ್ಟಿಗಳೂ ಪೂರ್ತಿ ಹೊಂದಿದರೆ ಮಾತ್ರ ಅದು ಒಂದೇ ಅಪರಾಧ, ಒಂದರಲ್ಲಿ ಇಲ್ಲದ ಅಂಶ ಇನ್ನೊಂದರಲ್ಲಿ ಇದ್ದರೆ ಬೇರೆಬೇರೆ, ಹೀಗೆಂದಿತು ಕೋರ್ಟ್. ಸಂವಿಧಾನದ ರಕ್ಷಣೆ ಇದರಿಂದ ಇನ್ನಷ್ಟು ಕಿರಿದಾಯಿತು. ಅದು ಅತಿಯಾಗಿಯೇ ಕಿರಿದಾಯಿತೆಂದು ನನಗೆ ಅನ್ನಿಸಿದರೂ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇದನ್ನೇ.

ಈ ಅಂಶದ ಲೆಕ್ಕ ಅತಿ ಸ್ಪಷ್ಟವಾಗಿ ಕಾಣುವುದು ಹೊಡೆದಾಟದ ಪ್ರಕರಣಗಳಲ್ಲಿ. ಹೊಲದ ಬದುವಿನ ಜಗಳದಲ್ಲಿ ಒಬ್ಬ ಇನ್ನೊಬ್ಬನ ತಲೆಗೆ ಗುದ್ದಲಿಯ ಕಾವಿನಿಂದ ಹೊಡೆದ ಎನ್ನಿ. ತೀವ್ರ ಗಾಯ ಮಾಡಿದ ಆರೋಪದ ಮೇಲೆ ವಿಚಾರಣೆ ನಡೆದು ಶಿಕ್ಷೆಯಾಯಿತು. ಪೆಟ್ಟು ತಿಂದವನು ಇನ್ನೂ ಆಸ್ಪತ್ರೆ ಮನೆ ಎಂದು ಓಡಾಡಿಕೊಂಡೇ ಇದ್ದ. ತೀರ್ಪು ಬಂದ ಎರಡು ತಿಂಗಳಿಗೆ ಅದೇ ಗಾಯ ಉಲ್ಬಣಿಸಿ ಸತ್ತ. ಈಗ ಸಾವಿಗೆ ಕಾರಣನಾದ ಆರೋಪದ ಮೇಲೆ ಹೊಸ ಮೊಕದ್ದಮೆ ಹೂಡಬಹುದೆ? ಹೂಡಬಹುದು. ಸೆಕ್ಷನ್ 337 ಇದಕ್ಕೆಂದೇ ಒಂದು ಉಪಸೆಕ್ಷನ್ ಇಟ್ಟುಕೊಂಡಿದೆ. ಶಿಕ್ಷೆಯಾದ ಹೊತ್ತಿಗೆ ಕೃತ್ಯದ ಪರಿಣಾಮ ಇನ್ನೂ ಸಂಭವಿಸಿರದಿದ್ದರೆ, ಅಥವಾ ಸಂಭವಿಸಿದ್ದರೂ ಕೋರ್ಟಿಗೆ ತಿಳಿದಿರದಿದ್ದರೆ, ಆ ಪರಿಣಾಮ ಸೇರಿ ಆದ ದೊಡ್ಡ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡಬಹುದು. ಹೊಡೆತ ಒಂದೇ, ಆದರೆ ಸಾವು ಎಂಬ ಅಂಶ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಇಂಥ ಪ್ರಶ್ನೆಯಲ್ಲಿ ದಿನಾಂಕಗಳನ್ನು ಗಮನವಿಟ್ಟು ಓದಬೇಕು. ತೀರ್ಪಿಗೆ ಮೊದಲೇ ಸಾವು ಸಂಭವಿಸಿ ಕೋರ್ಟಿಗೂ ಗೊತ್ತಿದ್ದರೆ ಈ ಉಪಸೆಕ್ಷನ್ ಆಸರೆಗೆ ಬರುವುದಿಲ್ಲ. ಆಗ ಮೊದಲ ಕೋರ್ಟಿಗೆ ಆ ದೊಡ್ಡ ಅಪರಾಧವನ್ನು ವಿಚಾರಿಸುವ ಅಧಿಕಾರ ಇತ್ತೇ ಇಲ್ಲವೇ ಎಂಬ ಬೇರೆ ಪ್ರಶ್ನೆ ಏಳುತ್ತದೆ.

ಕಾರ್ಯದರ್ಶಿಯ ಕಥೆಯಲ್ಲೂ ಹೀಗೊಂದು ತಿರುವು ಸಾಧ್ಯ. ಖುಲಾಸೆಯಾದ ಮೇಲೆ ಇನ್ನೊಬ್ಬ ಸದಸ್ಯೆಯ ಖಾತೆಯಿಂದ, ಬೇರೆ ತಿಂಗಳಲ್ಲಿ, ಬೇರೆ ಚೀಟಿಯಿಂದ ಹಣ ತೆಗೆದದ್ದು ಬೆಳಕಿಗೆ ಬಂದರೆ ಅದು ಬೇರೆಯ ಅಪರಾಧ. ಮಾಡಿದ ರೀತಿ ಒಂದೇ ಎಂದ ಮಾತ್ರಕ್ಕೆ ಹಳೆಯ ಖುಲಾಸೆ ಅದನ್ನೂ ಮುಚ್ಚಿಹಾಕುವುದಿಲ್ಲ.

ಎರಡನೇ ಆಕ್ಷೇಪಕ್ಕೆ ಬರೋಣ. 20ನೇ ವಿಧಿಯ ಮೂರನೇ ಉಪವಿಧಿ ಹೇಳುವುದು: ಯಾವುದೇ ಅಪರಾಧದ ಆರೋಪಕ್ಕೆ ಗುರಿಯಾದ ವ್ಯಕ್ತಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಕೂಡದು. ಆರೋಪಿಯಾಗಿರಬೇಕು, ಬಲವಂತ ನಡೆದಿರಬೇಕು, ಅವನು ಸಾಕ್ಷಿಯಾಗಿರಬೇಕು. ಪ್ರಶ್ನೆ ಬರೆಯುವವರು ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ಮಾತ್ರ ಸಡಿಲ ಬಿಟ್ಟಿರುತ್ತಾರೆ, ಅದನ್ನು ಹುಡುಕುವುದೇ ಕೆಲಸ.

ಆರೋಪಿ ಎಂಬುದು ಎಲ್ಲಿಂದ ಶುರು? ಆಡಿಟ್ ಸಮಯದಲ್ಲಿ ಕಾರ್ಯದರ್ಶಿ ಮಂಡಳಿಗೆ ಒಂದು ಲಿಖಿತ ಉತ್ತರ ಕೊಟ್ಟಿದ್ದಾನೆ: ಹಣ ತೆಗೆದದ್ದು ಹೌದು, ಗೊಬ್ಬರದ ಅಂಗಡಿಯ ಬಾಕಿಗೆ ಬೇಕಿತ್ತು, ತುಂಬುತ್ತೇನೆ. ಆಗ ಅವನ ಮೇಲೆ ಎಫ್‌ಐಆರ್ ಇರಲಿಲ್ಲ, ಯಾವ ಅಪರಾಧದ ವಿಧಿವತ್ತಾದ ಆರೋಪವೂ ಇರಲಿಲ್ಲ. ಆ ಪತ್ರಕ್ಕೆ ಮೂರನೇ ಉಪವಿಧಿಯ ರಕ್ಷಣೆ ಸಿಗುವುದು ಕಷ್ಟ. ಎಫ್‌ಐಆರ್‌ನಲ್ಲಿ ಹೆಸರು ಬಿದ್ದ ಮೇಲಾದರೆ ಠಾಣೆಯಲ್ಲೇ ರಕ್ಷಣೆ ಶುರುವಾಗುತ್ತದೆ, ಕೋರ್ಟಿನ ಕಟಕಟೆ ಹತ್ತುವ ತನಕ ಕಾಯಬೇಕಾಗಿಲ್ಲ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರಿಗೆ ಪೊಲೀಸರು ಲಿಖಿತ ಪ್ರಶ್ನೆಗಳ ಉದ್ದದ ಪಟ್ಟಿ ಕೊಟ್ಟಾಗ ಅವರು ಉತ್ತರಿಸಲು ಒಪ್ಪಲಿಲ್ಲ. 1978ರಲ್ಲಿ ಕೃಷ್ಣ ಅಯ್ಯರ್ ಅವರಿದ್ದ ಪೀಠ, ತನ್ನನ್ನು ಅಪರಾಧಕ್ಕೆ ಸಿಕ್ಕಿಸುವ ಉತ್ತರಗಳನ್ನು ಪೊಲೀಸರ ಮುಂದೆಯೂ ಹೇಳದಿರಬಹುದು ಎಂದಿತು. ಬಲವಂತ ಎಂದರೆ ಹೊಡೆತ ಬಡಿತವಷ್ಟೇ ಅಲ್ಲ, ಬೆದರಿಕೆ, ಕಿರುಕುಳ, ದಣಿಯುವ ತನಕ ಪ್ರಶ್ನೆ ಕೇಳುವುದೂ ಬಲವಂತವೇ ಎಂಬುದು ಆ ತೀರ್ಪಿನ ಬೆಲೆಯುಳ್ಳ ಭಾಗ.

ಇನ್ನು ಕೈಬರಹ. ಕಾರ್ಯದರ್ಶಿಯನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇರೆಗೆ ಕೂರಿಸಿ ಒಂದು ಹಾಳೆಯ ತುಂಬ ಸದಸ್ಯರ ಹೆಸರುಗಳನ್ನು ಬರೆಸುತ್ತಾರೆ, ಹೆಬ್ಬೆಟ್ಟಿನ ಗುರುತನ್ನೂ ತೆಗೆದುಕೊಳ್ಳುತ್ತಾರೆ. ತನ್ನ ವಿರುದ್ಧ ತಾನೇ ಪುರಾವೆ ಕೊಟ್ಟಂತಾಯಿತಲ್ಲ ಎನ್ನುತ್ತಾನೆ ಅವನು. 1961ರಲ್ಲಿ ಕಾಠಿ ಕಾಳು ಓಘಡ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೂತದ್ದು ಈ ಪ್ರಶ್ನೆಗೇ. ಸಾಕ್ಷಿಯಾಗುವುದು ಎಂದರೆ ತನಗೆ ಗೊತ್ತಿರುವ ಸಂಗತಿಯನ್ನು ಬಾಯಿಂದಲೋ ಬರಹದಿಂದಲೋ ತಿಳಿಸುವುದು ಎಂದು ಬಹುಮತ ತೀರ್ಮಾನಿಸಿತು. ಬೆರಳಿನ ಗೆರೆ ಯಾವ ಸಂಗತಿಯನ್ನೂ ಹೇಳುವುದಿಲ್ಲ, ಬೇರೆಡೆ ಸಿಕ್ಕ ಗುರುತಿನ ಜೊತೆ ಹೋಲಿಸಲು ಮಾತ್ರ ಬರುತ್ತದೆ. ಕಾರ್ಯದರ್ಶಿ ಹಾಳೆಯ ಮೇಲೆ ಬರೆದ ಅಕ್ಷರಗಳಿಗೂ ಅಷ್ಟೇ ಬೆಲೆ, ಅಕ್ಷರದ ತಿರುವು ನೋಡುತ್ತಾರೆ, ಅರ್ಥ ನೋಡುವುದಿಲ್ಲ. ಅದೇ ಹಾಳೆಯಲ್ಲಿ ‘ಈ ಸಹಿ ಹಾಕಿದವನು ನಾನೇ’ ಎಂದು ಬಲವಂತವಾಗಿ ಬರೆಸಿಕೊಂಡು ಅದನ್ನು ಒಪ್ಪಿಗೆಯೆಂದು ಹಾಜರುಪಡಿಸಿದರೆ ಮಾತ್ರ ಮೂರನೇ ಉಪವಿಧಿ ಅಡ್ಡ ಬರುತ್ತದೆ. ಧ್ವನಿಯ ಮಾದರಿಗೂ 2019ರಲ್ಲಿ ಸುಪ್ರೀಂ ಕೋರ್ಟ್ ಇದೇ ತರ್ಕ ಅನ್ವಯಿಸಿತು, ಹೊಸ ಸಂಹಿತೆಯ ಸೆಕ್ಷನ್ 349ರಲ್ಲಿ ಅದೂ ಸೇರಿಕೊಂಡಿದೆ.

ನಕಲಿ ಸೀಲಿನದು ಇನ್ನೂ ಸೂಕ್ಷ್ಮ. ಕರ್ನಾಟಕದ ಚಾರ್ಜ್‌ಶೀಟುಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಹಾಳೆ ಸಾಮಾನ್ಯ. ಪೊಲೀಸ್ ಕಸ್ಟಡಿಯಲ್ಲಿದ್ದ ಕಾರ್ಯದರ್ಶಿಯ ಬಾಯಲ್ಲಿ ಅಲ್ಲಿ ಹೀಗೆ ಬರೆದಿರುತ್ತದೆ: ‘ನಾನು ನಕಲಿ ಸೀಲು ಮಾಡಿಸಿ, ಚೀಟಿಗಳ ಮೇಲೆ ಒತ್ತಿ ಹಣ ತೆಗೆದುಕೊಂಡಿದ್ದೇನೆ. ಆ ಸೀಲನ್ನು ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲಿನಡಿ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.’ ಆಮೇಲೆ ಪಂಚರನ್ನು ಕರೆದುಕೊಂಡು ಹೋಗಿ ಮಹಜರು ಮಾಡಿ ಸೀಲನ್ನು ತೆಗೆಯುತ್ತಾರೆ. ಕಸ್ಟಡಿಯಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಒಳಗೆ ಬರುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 27 ಇದು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಸೆಕ್ಷನ್ 23ರ ಪರಂತುಕ. ಹಾಗಾದರೆ ಮೇಲಿನ ಎರಡು ವಾಕ್ಯಗಳಲ್ಲಿ ಸೀಲು ಮಾಡಿಸಿದೆ, ಒತ್ತಿದೆ, ಹಣ ತೆಗೆದೆ ಎಂಬುದೆಲ್ಲ ಹೊರಗೆ. ಅಟ್ಟದ ಮೇಲೆ ಹುಲ್ಲಿನಡಿ ಸೀಲು ಇಟ್ಟಿದ್ದೇನೆ ಎಂಬುದಷ್ಟು ಒಳಗೆ. ಸೀಲು ಎಲ್ಲಿತ್ತೆಂದು ಅವನಿಗೆ ಗೊತ್ತಿತ್ತು ಎಂಬುದು ಸಾಬೀತಾಗುತ್ತದೆ, ಅದನ್ನು ಅವನೇ ಬಳಸಿದ ಎಂಬುದನ್ನು ಬೇರೆ ಸಾಕ್ಷ್ಯದಿಂದ ತೋರಿಸಬೇಕು. ಕೆಳಗಿನ ಕೋರ್ಟುಗಳಲ್ಲಿ ಇಡೀ ಹೇಳಿಕೆಯನ್ನೇ ದಾಖಲೆಯಾಗಿ ಗುರುತು ಮಾಡಿಸಿಬಿಡುವುದುಂಟು, ಎಚ್ಚರದ ವಕೀಲರು ಅಲ್ಲೇ ಎದ್ದು ಆಕ್ಷೇಪಿಸುತ್ತಾರೆ.

ಕಸ್ಟಡಿಯಲ್ಲಿದ್ದ ಮಾತ್ರಕ್ಕೆ ಹೇಳಿಕೆ ಬಲವಂತದ್ದೆಂದು ತಿಳಿಯಬೇಕಾಗಿಲ್ಲ ಎಂದು ಅದೇ 1961ರ ತೀರ್ಪು ಹೇಳುತ್ತದೆ. ಬಲವಂತ ನಡೆದಿತ್ತೆಂದು ತೋರಿಸಿದರೆ ಮಾತ್ರ ಪತ್ತೆಯ ಮಾತೂ ಬೀಳುತ್ತದೆ. ಹೆಸರೇ ಸ್ವಇಚ್ಛಾ ಹೇಳಿಕೆ, ಬರೆದುಕೊಂಡವರು ಪೊಲೀಸರು, ಪಕ್ಕದಲ್ಲಿ ವಕೀಲರಿಲ್ಲ. ಇಲ್ಲಿ ಬಲವಂತವನ್ನು ಆರೋಪಿ ಹೇಗೆ ತೋರಿಸಬೇಕು? ಇಡೀ ವಿಷಯದಲ್ಲಿ ನನಗೆ ಅತಿ ದುರ್ಬಲವಾಗಿ ಕಾಣುವ ಕೊಂಡಿ ಇದೇ.

ಸುಳ್ಳುಪತ್ತೆಯ ಯಂತ್ರದ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದ ಹೆಸರು ಹೊತ್ತ ತೀರ್ಪಿನಲ್ಲೇ ಇದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಆ ಹೊತ್ತಿಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಛಾಪಾಕಾಗದ ಹಗರಣದ ಆರೋಪಿ ಮಂಪರಿನಲ್ಲಿ ತೊದಲುವ ದೃಶ್ಯಗಳು ಟಿವಿಯಲ್ಲೂ ಬಂದಿದ್ದವು. ಸರಕಾರದ ವಾದ, ನಾಡಿಬಡಿತ, ಬೆವರು, ಮೆದುಳಿನ ಅಲೆ ಇವೆಲ್ಲ ಬೆರಳಚ್ಚಿನಂತೆ ದೇಹದ ಸಂಗತಿಗಳು ಎಂಬುದು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಮೂವರ ಪೀಠ ಒಪ್ಪಲಿಲ್ಲ. ಬೆರಳಚ್ಚು ತೆಗೆದುಕೊಳ್ಳುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಇಲ್ಲಿ ಪ್ರಶ್ನೆ ಕೇಳುತ್ತಾರೆ, ಬೆವರು ಅದಕ್ಕೆ ಕೊಡುವ ಉತ್ತರ, ಅಂದರೆ ಮನುಷ್ಯನ ಒಳಗಿನ ಅರಿವನ್ನೇ ಅವನ ಒಪ್ಪಿಗೆಯಿಲ್ಲದೆ ಹೊರಗೆಳೆದಂತೆ. ಬಲವಂತದ ಮಂಪರು, ಪಾಲಿಗ್ರಾಫ್, ಮೆದುಳು ನಕ್ಷೆ ಮೂರೂ ನಿಷಿದ್ಧ ಎಂದಿತು ಪೀಠ. ಒಪ್ಪಿ ಮಾಡಿಸಿಕೊಂಡರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು, ಅದರ ಜಾಡಿನಿಂದ ಆಮೇಲೆ ಸಿಕ್ಕಿದ ವಸ್ತುವನ್ನು ಮಾತ್ರ ಪತ್ತೆಯ ಸೆಕ್ಷನ್ನಿನಡಿ ತರಬಹುದು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ, ವಕೀಲರ ನೆರವಿನೊಂದಿಗೆ ದಾಖಲಿಸಬೇಕು. ನಮ್ಮ ಕಾರ್ಯದರ್ಶಿ ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು.

ಕೊನೆಯದು ಮೊಬೈಲು. ಬೆರಳೊತ್ತಿ ತೆರೆಯುವ ಫೋನಾದರೆ ಹನ್ನೊಂದು ನ್ಯಾಯಮೂರ್ತಿಗಳ ತೀರ್ಪಿನ ಬೆರಳು ನೆನಪಾಗುತ್ತದೆ, ಅಂಕಿ ಒತ್ತಿ ತೆರೆಯುವುದಾದರೆ ಸೆಲ್ವಿ ತೀರ್ಪಿನ ತಲೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮಾದಕವಸ್ತು ಪ್ರಕರಣವೊಂದರಲ್ಲಿ ಪಾಸ್‌ವರ್ಡ್ ಕೊಡುವುದರಿಂದ ಯಾರೂ ಸಾಕ್ಷಿಯಾಗುವುದಿಲ್ಲ ಎಂದಿತು, ಏಕೆಂದರೆ ಅಂಕಿ ತಾನಾಗಿ ಯಾವ ಅಪರಾಧವನ್ನೂ ಹೇಳುವುದಿಲ್ಲ, ಫೋನಿನ ಒಳಗಿರುವುದನ್ನು ಆಮೇಲೆ ಸಾಬೀತು ಮಾಡಲೇಬೇಕು. ಪೊಲೀಸರು ಮನಸ್ಸಿಗೆ ಬಂದಂತೆ ಫೋನು ಕಿತ್ತುಕೊಳ್ಳುವಂತಿಲ್ಲ, ಸಾಮಾನ್ಯವಾಗಿ ಶೋಧನಾ ವಾರಂಟ್ ಬೇಕು ಎಂಬುದೂ ಆ ತೀರ್ಪಿನಲ್ಲಿದೆ. ಅದೇ ಪ್ರಕರಣದಲ್ಲಿ ಒಪ್ಪಿಗೆಯಿಲ್ಲದ ಪಾಲಿಗ್ರಾಫಿಗೆ ಹೈಕೋರ್ಟ್ ಎಡೆಕೊಡಲಿಲ್ಲ. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಬೇರೆ ದಾರಿ ಹಿಡಿಯಿತು: ಬೆರಳು, ಮುಖ ಕೊಡಿಸಬಹುದು, ತಲೆಯಲ್ಲಿರುವ ಅಂಕಿಯನ್ನು ಹೇಳಿಸಕೂಡದು. ಶ್ರೇಣಿಯಲ್ಲಿ ಅದು ಕೆಳಗಿನ ಕೋರ್ಟ್, ಕರ್ನಾಟಕದಲ್ಲಿ ಪೊಲೀಸರನ್ನು ಕಟ್ಟಿಹಾಕುವುದು ಇಲ್ಲಿನ ಹೈಕೋರ್ಟ್ ಮಾತು. ತರ್ಕದಲ್ಲಿ ಮಾತ್ರ ದೆಹಲಿಯ ನ್ಯಾಯಾಧೀಶರೇ ಸೆಲ್ವಿ ತೀರ್ಪಿಗೆ ಹತ್ತಿರ ಎಂದು ನನ್ನ ಅಭಿಪ್ರಾಯ. ನಾಲ್ಕು ಅಂಕಿ ತನಗೆ ಗೊತ್ತು ಎಂದು ಹೇಳುವುದೇ ಈ ಫೋನು ತನ್ನದು, ಒಳಗಿರುವುದು ತನ್ನ ಕೈಗೆ ನಿಲುಕುವಂಥದ್ದು ಎಂದು ಹೇಳಿದಂತೆ. ಬೇರೆಯವರ ಹೆಸರಿನ ಸಿಮ್ ಇರುವ ಫೋನಾಗಿದ್ದರಂತೂ ಪೊಲೀಸರಿಗೆ ಬೇಕಾದ ಸಾಕ್ಷ್ಯ ಅದೇ. ಪರೀಕ್ಷೆಯಲ್ಲಿ ಈ ಭಾಗಕ್ಕೆ ಎರಡೂ ನಿಲುವು ಬರೆದು, ಪ್ರಶ್ನೆಯಲ್ಲಿನ ಫೋನು ತೆರೆಯುವುದು ಬೆರಳಿಗೋ ಅಂಕಿಗೋ ಎಂದು ಮತ್ತೊಮ್ಮೆ ನೋಡಿಕೊಳ್ಳಬೇಕು. ಕಾರ್ಯದರ್ಶಿ ಯಾರೂ ಒತ್ತಾಯಿಸದೆ ಆ ಅಂಕಿಯನ್ನು ತಾನಾಗಿ ಹೇಳಿಬಿಟ್ಟಿದ್ದರೆ ಈ ಚರ್ಚೆಗೆ ಎಡೆಯೇ ಇಲ್ಲ, ಬಲವಂತವಿಲ್ಲದ ಕಡೆ ಮೂರನೇ ಉಪವಿಧಿ ಕಾಲಿಡುವುದಿಲ್ಲ.